ಫೇಲಾದ ಸುದ್ದಿ ಅಪ್ಪ ಅಮ್ಮನಿಗೆ: ಮೆಸೇಜ್ ಬರೆಯುವುದು, ತಿದ್ದುವುದು, ಕಳಿಸುವುದು

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೆಂಟರ್ ಅಂತ ಒಂದಷ್ಟು ಮಕ್ಕಳ ಜವಾಬ್ದಾರಿಯನ್ನೂ ಕೊಟ್ಟಿರುತ್ತಾರೆ. ಪ್ರತಿ ಸಲ ವಿಟಿಯು ರಿಸಲ್ಟ್ ಬಂದಾಗ ಇಬ್ಬರು ಮೂವರು ಫೋನ್ ಹಿಡಿದುಕೊಂಡು ಬರುತ್ತಾರೆ. "ಸರ್, ಎರಡು ಸಬ್ಜೆಕ್ಟ್ ಹೋಗಿದೆ. ಮನೇಲಿ ಹೇಗೆ ಹೇಳೋದು?" ಅಂತ ಕೇಳುತ್ತಾರೆ. ಅವರ ಜೊತೆ ಕೂತು ಮೆಸೇಜ್ ತಿದ್ದುವಾಗ ನಾನು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಇಷ್ಟು ವರ್ಷದಲ್ಲಿ ನನಗೆ ಖಚಿತವಾಗಿರುವುದು ಒಂದೇ. ಫೇಲಾದ ಸುದ್ದಿಯನ್ನು ಬಹಳಷ್ಟು ಅಪ್ಪ ಅಮ್ಮ ಹೇಗೋ ತಡೆದುಕೊಳ್ಳುತ್ತಾರೆ. ಅದು ಕಂತಿನಲ್ಲಿ ಬಂದರೆ ತಡೆದುಕೊಳ್ಳುವುದು ಕಷ್ಟ. ಇವತ್ತು ಒಂದು ಸಬ್ಜೆಕ್ಟ್ ಅಂದಿರುತ್ತಾನೆ. ಮುಂದಿನ ತಿಂಗಳು ಎರಡು ಅಂತ ಗೊತ್ತಾಗುತ್ತದೆ. ಆಮೇಲೆ ಹೋದ ಸೆಮಿಸ್ಟರಿಂದಲೂ ಒಂದು ಉಳಿದಿದೆ ಅಂತ ಇನ್ಯಾರದೋ ಬಾಯಿಂದ ಬರುತ್ತದೆ. ಅಲ್ಲಿಗೆ ಮಗನ ಯಾವ ಮಾತನ್ನೂ ನಂಬುವ ಹಾಗಿಲ್ಲ ಅನ್ನಿಸುತ್ತದೆ. ಹಾಗಾಗಿ ನೀವು ಬರೆಯುವ ಮೆಸೇಜ್ ಒಂದು ಪರೀಕ್ಷೆ ಪಾಸಾಗಬೇಕು. ನಾಳೆ ನಿಮ್ಮ ಅಪ್ಪ ಬಸ್ ಹತ್ತಿ ಕಾಲೇಜಿಗೇ ಬಂದು ವಿಚಾರಿಸಿದರೂ ಅದರಲ್ಲಿ ಒಂದು ಸಾಲೂ ಸುಳ್ಳಾಗಬಾರದು, ಒಂದು ಸಾಲೂ ಕಡಿಮೆ ಬೀಳಬಾರದು.

ಒಂದು ಉದಾಹರಣೆ ಹಿಡಿದೇ ಮಾತಾಡೋಣ. ಹುಡುಗ ತಿಪಟೂರು ಕಡೆಯವನು ಅಂತಿಟ್ಟುಕೊಳ್ಳಿ. ಅಪ್ಪನಿಗೆ ತೆಂಗಿನ ತೋಟ, ಅಮ್ಮ ಮನೆ ಮತ್ತು ಹಸು ನೋಡಿಕೊಳ್ಳುತ್ತಾರೆ. ಇವನು ಬೆಂಗಳೂರಿನಲ್ಲಿ ಹಾಸ್ಟೆಲಲ್ಲಿದ್ದುಕೊಂಡು ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾನೆ, 2022ರ ಸ್ಕೀಮು. ಮೂರನೇ ಸೆಮಿಸ್ಟರ್ ರಿಸಲ್ಟ್ ಮಧ್ಯಾಹ್ನ ಬಂದಿದೆ.

ಮೊದಲು ರಿಸಲ್ಟನ್ನು ಸರಿಯಾಗಿ ಓದಿ

ಇದನ್ನೇ ಜಾಸ್ತಿ ಜನ ಬಿಡುತ್ತಾರೆ. results.vtu.ac.in ತೆಗೆದು F ಅನ್ನುವ ಅಕ್ಷರ ಕಂಡ ತಕ್ಷಣ ಕೈ ನಡುಗುತ್ತದೆ, ಪೇಜು ಮುಚ್ಚುತ್ತಾರೆ. ಆಮೇಲೆ ನೆನಪಿನಿಂದ ಬರೆಯುತ್ತಾರೆ. ಅಲ್ಲೇ ತಪ್ಪು ನುಸುಳುತ್ತದೆ.

ಪ್ರತಿ ಸಬ್ಜೆಕ್ಟಿನ ಮುಂದೆ ಮೂರು ಅಂಕಿ ಇರುತ್ತವೆ. ಇಂಟರ್ನಲ್ಸ್ 50ಕ್ಕೆ, ಎಕ್ಸ್‌ಟರ್ನಲ್ 50ಕ್ಕೆ, ಒಟ್ಟು 100ಕ್ಕೆ. ನೀವು ಪರೀಕ್ಷೆ ಬರೆದದ್ದು 100 ಅಂಕಕ್ಕೆ, ಆದರೆ ಅದನ್ನು 50ಕ್ಕೆ ಇಳಿಸಿ ತೋರಿಸುತ್ತಾರೆ. ಪಾಸಾಗಲು ಇಂಟರ್ನಲ್ಸಲ್ಲಿ 20 ಬೇಕು, ಎಕ್ಸ್‌ಟರ್ನಲಲ್ಲಿ 18 ಬೇಕು, ಎರಡೂ ಸೇರಿ 40 ಬೇಕು. ಮೂರರಲ್ಲಿ ಒಂದು ತಪ್ಪಿದರೂ F.

ನಮ್ಮ ಹುಡುಗನ ಪೇಜಲ್ಲಿ ಹೀಗಿದೆ. ಗಣಿತ, ಅಂದರೆ BCS301: ಇಂಟರ್ನಲ್ಸ್ 31, ಎಕ್ಸ್‌ಟರ್ನಲ್ 14, ಒಟ್ಟು 45, F. ಡೇಟಾ ಸ್ಟ್ರಕ್ಚರ್ಸ್, ಅಂದರೆ BCS304: ಇಂಟರ್ನಲ್ಸ್ 28, ಎಕ್ಸ್‌ಟರ್ನಲ್ 9, ಒಟ್ಟು 37, F. ಉಳಿದ ಎಲ್ಲದರ ಮುಂದೆ P.

ಗಣಿತದ ಆ 45ನ್ನು ನೋಡಿ. ಇದು ತುಂಬಾ ಗೊಂದಲ ಮಾಡುವ ಅಂಕಿ. ಅಪ್ಪನಿಗೆ "ನೂರಕ್ಕೆ 45 ಬಂದಿದೆ" ಅಂತ ಬರೆದರೆ ಅವರು ಪಾಸು ಅಂದುಕೊಳ್ಳುತ್ತಾರೆ, ಅವರ ಕಾಲದಲ್ಲಿ 35 ಬಂದರೆ ಪಾಸು. "ಪಾಸಾಗುವಷ್ಟು ಮಾರ್ಕ್ಸ್ ಬಂದಿದ್ರೂ ಫೇಲ್ ಮಾಡಿದ್ದಾರೆ" ಅಂತ ಬರೆದರೆ ಯೂನಿವರ್ಸಿಟಿಯವರು ಏನೋ ಅನ್ಯಾಯ ಮಾಡಿದ್ದಾರೆ ಅಂತ ಆಗುತ್ತದೆ. ಎರಡೂ ನಿಜ ಅಲ್ಲ. ನಿಜ ಇಷ್ಟೇ: ಪರೀಕ್ಷೆಯಲ್ಲಿ 18 ಬೇಕಿತ್ತು, 14 ಬಂದಿದೆ. ಮನೆಗೆ ಹೋಗಬೇಕಾದ ಅಂಕಿ ಇದು. ಒಟ್ಟು ಅಂಕ ಮೆಸೇಜಿಗೆ ಬೇಡ, ಕೇಳಿದರೆ ಹೇಳಿದರಾಯ್ತು.

F ಬದಲು ಬೇರೆ ಅಕ್ಷರ ಇದ್ದರೆ ಅದರ ಕಥೆಯೇ ಬೇರೆ. A ಅಂದರೆ ಗೈರುಹಾಜರಿ, W ಅಂದರೆ ರಿಸಲ್ಟ್ ತಡೆ ಹಿಡಿದಿದ್ದಾರೆ, NE ಅಂದರೆ ಪರೀಕ್ಷೆ ಬರೆಯುವ ಅರ್ಹತೆಯೇ ಇರಲಿಲ್ಲ. ಪರೀಕ್ಷೆಗೆ ಹೋಗದೇ A ಬಂದಿರುವಾಗ ಮನೆಗೆ "ಫೇಲಾದೆ" ಅಂತ ಬರೆಯುವುದು ಅರ್ಧ ಸುಳ್ಳು. ಯಾವುದಿದೆಯೋ ಅದನ್ನೇ ಹೇಳಬೇಕು.

ಪೇಜಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಮನೆಯವರು ಕೇಳುವ ಪ್ರಶ್ನೆಗೆ ಉತ್ತರ ತಂದುಕೊಳ್ಳಿ

ಅಪ್ಪ ಕೇಳುವುದು ಗೊತ್ತೇ ಇದೆ. "ವರ್ಷ ಹೋಯ್ತಾ?" ಊರಿನಲ್ಲಿ ಫೇಲ್ ಅಂದರೆ ಮತ್ತೆ ಅದೇ ಕ್ಲಾಸಲ್ಲಿ ಕೂರುವುದು ಅಂತಲೇ ಅರ್ಥ. ಸೆಮಿಸ್ಟರ್ ಪದ್ಧತಿಯಲ್ಲಿ ಮುಂದಿನ ಕ್ಲಾಸಿಗೆ ಹೋಗುತ್ತಲೇ ಹಳೆ ಪೇಪರ್ ಬರೆಯಬಹುದು ಅನ್ನುವುದು ಅವರಿಗೆ ಗೊತ್ತಿರಬೇಕಾಗಿಲ್ಲ. ಆದರೆ ಎಷ್ಟು ಬ್ಯಾಕ್ ಇದ್ದರೆ ಇಯರ್ ಬ್ಯಾಕ್ ಆಗುತ್ತದೆ ಅನ್ನುವ ನಿಯಮ ಸ್ಕೀಮಿನಿಂದ ಸ್ಕೀಮಿಗೆ ಬದಲಾಗಿದೆ. ಸೀನಿಯರ್ ಹೇಳಿದ್ದನ್ನು ನಂಬಿ ಬರೆಯಬೇಡಿ. ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಹೋಗಿ ನಿಮ್ಮ ಯುಎಸ್‌ಎನ್ ಹೇಳಿ ಕೇಳಿ. ಎರಡು ಪೇಪರ್ ಮತ್ತೆ ಯಾವಾಗ ಬರೆಯಬಹುದು, ಇಂಟರ್ನಲ್ಸ್ ಮತ್ತೆ ಬರೆಯಬೇಕಾ ಅಂತಲೂ ಅಲ್ಲೇ ಕೇಳಿ. ನಮ್ಮ ಹುಡುಗನಿಗೆ ಎರಡರಲ್ಲೂ ಇಂಟರ್ನಲ್ಸ್ 20 ದಾಟಿದೆ, ಹಾಗಾಗಿ ಅವನು ಎಕ್ಸ್‌ಟರ್ನಲ್ ಮಾತ್ರ ಬರೆದರೆ ಸಾಕು.

ಇನ್ನೊಂದು ರೀವ್ಯಾಲ್ಯುಯೇಷನ್ನು. ಇಲ್ಲಿ ಮಕ್ಕಳು ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಾರೆ. ಗಣಿತದಲ್ಲಿ 50ಕ್ಕೆ 4 ಕಡಿಮೆ ಅಂದರೆ, ಬರೆದ 100ರ ಲೆಕ್ಕದಲ್ಲಿ ಏಳೆಂಟು ಅಂಕ ಕಡಿಮೆ. ಒಂದು ಪ್ರಶ್ನೆಯ ಉತ್ತರ ಪೇಪರ್ ತಿದ್ದಿದವರ ಕಣ್ಣು ತಪ್ಪಿದ್ದರೆ ಅಷ್ಟು ಸಿಗಬಹುದು, ಸಿಗದೇ ಇರಲೂಬಹುದು. ಡೇಟಾ ಸ್ಟ್ರಕ್ಚರ್ಸಲ್ಲಿ 9 ಬಂದಿದೆ, ಅಂದರೆ 100ಕ್ಕೆ 18ರ ಆಸುಪಾಸು. ಪಾಸಾಗಲು ಅದರ ಎರಡರಷ್ಟು ಬೇಕು. ಅಷ್ಟು ಅಂಕ ರೀವ್ಯಾಲಲ್ಲಿ ಹುಟ್ಟುವುದಿಲ್ಲ. ಪರೀಕ್ಷೆ ಹೇಗೆ ಬರೆದಿದ್ದೆ ಅಂತ ಅವನಿಗೇ ಗೊತ್ತಿರುತ್ತದೆ ಅಲ್ವಾ. ಹಾಗಾಗಿ ಗಣಿತಕ್ಕೆ ಹಾಕುವುದರಲ್ಲಿ ಅರ್ಥ ಇದೆ, ಇನ್ನೊಂದಕ್ಕೆ ಹಾಕಿದರೆ ಅಪ್ಪನ ದುಡ್ಡು ಸುಮ್ನೆ ದಂಡ. ಅರ್ಜಿಗೆ ಕೊನೆ ದಿನ ಬೇಗ ಬರುತ್ತದೆ, ಫೀಸು ಪೇಪರಿಗಿಷ್ಟು ಅಂತ ಇರುತ್ತದೆ. ಎರಡನ್ನೂ ಆ ಸಲದ ಸುತ್ತೋಲೆಯಲ್ಲೇ ನೋಡಿ.

ಇದಕ್ಕೆಲ್ಲ ಅರ್ಧ ದಿನ ಸಾಕು. ಮಧ್ಯಾಹ್ನ ರಿಸಲ್ಟ್ ಬಂದಿದ್ದರೆ ಸಂಜೆಯೊಳಗೆ ಗೊತ್ತಾಗುವುದನ್ನು ತಿಳಿದುಕೊಳ್ಳಿ. ಉಳಿದದ್ದನ್ನು "ನಾಳೆ ಗೊತ್ತಾಗುತ್ತೆ" ಅಂತಲೇ ಬರೆಯಿರಿ. ಎಲ್ಲಾ ಗೊತ್ತಾಗಲಿ ಅಂತ ವಾರಗಟ್ಟಲೆ ಕಾಯಬೇಡಿ. ಅದೇ ಕಾಲೇಜಿನಲ್ಲಿ ನಿಮ್ಮೂರಿನ ಇನ್ನೊಬ್ಬ ಹುಡುಗ ಓದುತ್ತಿದ್ದರೆ ಅವರ ಮನೆಯಿಂದ ನಿಮ್ಮ ಮನೆಗೆ ಸುದ್ದಿ ನಡೆದುಕೊಂಡು ಹೋಗಲು ಜಾಸ್ತಿ ಹೊತ್ತು ಬೇಕಾಗಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಕೆಲವರಿಗೆ ಆ ಹೊತ್ತಿನಲ್ಲಿ ಬದುಕೇ ಬೇಡ ಅನ್ನಿಸುತ್ತದೆ. ಹಾಗೆ ಅನ್ನಿಸುತ್ತಿದ್ದರೆ ಮೆಸೇಜ್ ಬರೆಯುವ ಕೆಲಸ ಪಕ್ಕಕ್ಕಿಡಿ. ರೂಮಲ್ಲಿ ಒಬ್ಬರೇ ಇರಬೇಡಿ. ರೂಮ್‌ಮೇಟನ್ನೋ ವಾರ್ಡನ್ನರನ್ನೋ ಮೆಂಟರನ್ನೋ ಜೊತೆಗೆ ಕರೆದುಕೊಂಡು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮನೆಯಲ್ಲಿ ಹೊಡೆಯುತ್ತಾರೆ ಅನ್ನುವ ನಿಜವಾದ ಭಯ ಇದ್ದರೂ ಒಬ್ಬರೇ ಹೇಳಲು ಹೋಗಬೇಡಿ. ಮನೆಯವರು ಮರ್ಯಾದೆ ಕೊಡುವ ಒಬ್ಬ ದೊಡ್ಡವರ ಮೂಲಕ, ಸೋದರಮಾವನೋ ದೊಡ್ಡಮ್ಮನೋ ಮೇಷ್ಟ್ರೋ ಜೊತೆಗಿರುವಾಗ ಹೇಳಿ.

ಮೊದಲ ಕರಡು ಬರೆಯಿರಿ, ಕಳಿಸಬೇಡಿ

ಅಪ್ಪನ ಚಾಟ್ ತೆರೆದು ಅಲ್ಲೇ ಬರೆಯಬೇಡಿ. ಬೆರಳು ತಗುಲಿ ಹೋಗಿಬಿಡುತ್ತದೆ. ವಾಟ್ಸಾಪಲ್ಲಿ ಅಳಿಸಿದರೂ ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ. ಮಗ ಏನೋ ಕಳಿಸಿ ಅಳಿಸಿದ್ದಾನೆ ಅಂತ ಕಂಡರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ತಿದ್ದುವುದಕ್ಕೂ 15 ನಿಮಿಷ ಮಾತ್ರ ಅವಕಾಶ, ತಿದ್ದಿದ್ದು ಅಂತಲೂ ತೋರಿಸುತ್ತದೆ. ಫೋನಿನ ನೋಟ್ಸಲ್ಲಿ ಬರೆಯಿರಿ, ಇಲ್ಲ ನಿಮ್ಮ ನಂಬರಿಗೇ ನೀವು ಕಳಿಸಿಕೊಳ್ಳಿ. ಅಪ್ಪನ ಫೋನಲ್ಲಿ ಹೇಗೆ ಕಾಣುತ್ತದೆ ಅನ್ನುವುದೂ ಆಗ ಗೊತ್ತಾಗುತ್ತದೆ.

ನಮ್ಮ ಹುಡುಗನ ಮೊದಲ ಕರಡು ಇದು:

"ಅಪ್ಪ ಸಾರಿ. ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ. ರಿಸಲ್ಟ್ ಬಂತು. ಈ ಸಲ ಪೇಪರ್ ತುಂಬಾ ಟಫ್ ಇತ್ತು, ನಮ್ಮ ಕ್ಲಾಸಲ್ಲಿ ಅರ್ಧ ಜನಕ್ಕೆ ಹೋಗಿದೆ. ವ್ಯಾಲ್ಯುಯೇಷನ್ನೂ ಸರಿಯಾಗಿ ಮಾಡಿಲ್ಲ ಅಂತಿದ್ದಾರೆ. ನನಗೂ ಸ್ವಲ್ಪ ಪ್ರಾಬ್ಲಂ ಆಗಿದೆ. ರೀವ್ಯಾಲ್ ಹಾಕಿದ್ರೆ ಪಕ್ಕಾ ಬರುತ್ತೆ. ನೀವು ಟೆನ್ಷನ್ ಮಾಡ್ಕೋಬೇಡಿ. ನಿಮ್ಮ ಮಗ ಅನ್ನಿಸ್ಕೊಳ್ಳೋಕೆ ನಾನು ಲಾಯಕ್ಕಿಲ್ಲ. ಅಮ್ಮಂಗೆ ಹೇಳ್ಬೇಡಿ ಪ್ಲೀಸ್."

ಇದನ್ನು ಬರೆದದ್ದು ತಪ್ಪಲ್ಲ. ಹೊಟ್ಟೆಯಲ್ಲಿದ್ದ ಭಯ ಎಲ್ಲಾ ಇದರಲ್ಲಿ ಹೊರಗೆ ಬಂದಿದೆ, ಅದು ಬರಲೇಬೇಕಿತ್ತು. ಈಗ ಇದನ್ನು ಅಪ್ಪನ ಕಣ್ಣಿನಿಂದ ಓದೋಣ.

ಅವರು ತೋಟದಲ್ಲಿದ್ದಾರೆ. ಫೋನ್ ತೆಗೆದರೆ "ಅಪ್ಪ ಸಾರಿ, ಹೇಗೆ ಹೇಳೋದು ಗೊತ್ತಾಗ್ತಿಲ್ಲ." ಆ ಕ್ಷಣಕ್ಕೆ ಅವರ ತಲೆಗೆ ಬರುವುದು ರಿಸಲ್ಟಲ್ಲ. ಆಕ್ಸಿಡೆಂಟಾ? ಪೊಲೀಸ್ ಕೇಸಾ? ಕಾಲೇಜು ಬಿಟ್ಟನಾ? ಎರಡೇ ಸಾಲಿನಲ್ಲಿ ಅವರನ್ನು ಅಷ್ಟು ದೂರ ಓಡಿಸಿ ಆಮೇಲೆ ಪೇಪರ್ ಟಫ್ ಇತ್ತು ಅನ್ನುತ್ತೇವೆ. ಸುದ್ದಿ ಮೊದಲ ಸಾಲಿನಲ್ಲೇ ಇರಬೇಕು ಅನ್ನುವುದು ಇದಕ್ಕೇ. ನೋಟಿಫಿಕೇಷನಲ್ಲಿ ಕಾಣುವುದೂ ಅದೊಂದೇ ಸಾಲು.

ಆಮೇಲೆ "ಸ್ವಲ್ಪ ಪ್ರಾಬ್ಲಂ." ಈ ಮೆಸೇಜಿನ ಅತಿ ದೊಡ್ಡ ತೊಂದರೆ ಇದೇ. ಪೂರ್ತಿ ಓದಿದರೂ ಎಷ್ಟು ಸಬ್ಜೆಕ್ಟ್ ಹೋಗಿದೆ ಅಂತ ಗೊತ್ತಾಗುವುದಿಲ್ಲ. ಫೇಲ್ ಅನ್ನುವ ಪದವೇ ಇಲ್ಲ. "ಹೋಗಿದೆ", "ಬ್ಯಾಕ್ ಬಿದ್ದಿದೆ" ಅನ್ನುವುದು ಹಾಸ್ಟೆಲ್ ಭಾಷೆ, ತಿಪಟೂರಿನಲ್ಲಿ ಅದು ಅರ್ಥ ಆಗಬೇಕಾಗಿಲ್ಲ. ಫೇಲ್ ಅಂತಲೇ ಬರೆಯಿರಿ. ಬರೆಯಲು ಕಷ್ಟ ಆಗುವ ಪದ ಅದೊಂದೇ, ಅದನ್ನು ಬರೆದ ಮೇಲೆ ಉಳಿದದ್ದು ಸಲೀಸು.

ಕ್ಲಾಸಿನ ಅರ್ಧ ಜನಕ್ಕೆ ಹೋಗಿದೆ ಅನ್ನುವುದು ನಿಜವೇ ಇರಬಹುದು. ಆದರೂ ಬೇಡ. ಉಳಿದರ್ಧ ಜನ ಪಾಸಾಗಿದ್ದಾರಲ್ಲ ಅಂತ ಅಪ್ಪ ಕೇಳಿಯೇ ಕೇಳುತ್ತಾರೆ, ಆಗ ಮಾತು ಜಗಳಕ್ಕೆ ತಿರುಗುತ್ತದೆ. ವ್ಯಾಲ್ಯುಯೇಷನ್ ಬಗ್ಗೆ ಅವನಿಗೆ ಗೊತ್ತಿರುವುದು ಬೇರೆಯವರ ಬಾಯಿಮಾತು. "ಪಕ್ಕಾ ಬರುತ್ತೆ" ಅನ್ನುವುದು ಎಲ್ಲಕ್ಕಿಂತ ಅಪಾಯದ ಸಾಲು, ಯಾಕಂದರೆ ಅದು ಮುಂದಿನ ಕಂತಿನ ಕೆಟ್ಟ ಸುದ್ದಿಯನ್ನು ಈಗಲೇ ಬಿತ್ತುತ್ತದೆ. ರೀವ್ಯಾಲ್ ರಿಸಲ್ಟ್ ಬರುವವರೆಗೂ ಮನೆಯವರು ಅದನ್ನೇ ನೆಚ್ಚಿಕೊಂಡು ಕೂರುತ್ತಾರೆ.

"ನಿಮ್ಮ ಮಗ ಅನ್ನಿಸಿಕೊಳ್ಳೋಕೆ ಲಾಯಕ್ಕಿಲ್ಲ" ಅನ್ನುವ ಮಾತನ್ನು ಅವನು ಮನಸಾರೆ ಬರೆದಿದ್ದಾನೆ. ಆದರೆ ಅದನ್ನು ಓದಿದ ಅಪ್ಪನಿಗೆ ಇನ್ನೊಂದು ಭಯ ಹಿಡಿಯುತ್ತದೆ, ಹುಡುಗ ಏನಾದರೂ ಮಾಡಿಕೊಂಡಾನು ಅಂತ. ಫೇಲಾದದ್ದರ ಬಗ್ಗೆ ಮಾತೇ ನಿಂತುಹೋಗಿ, ಅವರು ನಿಮ್ಮನ್ನು ಸಮಾಧಾನ ಮಾಡುವ ಕೆಲಸಕ್ಕೆ ಇಳಿಯುತ್ತಾರೆ. ನಿಜವಾಗಿಯೂ ಅಷ್ಟು ಕುಗ್ಗಿದ್ದರೆ ಮೆಸೇಜಿನಲ್ಲಿ ಸೂಚನೆ ಕೊಡುವುದಲ್ಲ, ಫೋನ್ ಮಾಡಿ ನೇರವಾಗಿ ಹೇಳಿ.

ಕೊನೆಯದು, "ಅಮ್ಮಂಗೆ ಹೇಳ್ಬೇಡಿ." ಗಂಡ ಹೆಂಡತಿ ಮಧ್ಯೆ ಒಂದು ಗುಟ್ಟು ತಂದಿಟ್ಟ ಹಾಗಾಯಿತು. ಅಪ್ಪ ಅದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಅಮ್ಮನಿಗೆ ಗೊತ್ತಾದ ದಿನ ಅವರಿಗೆ ಎರಡು ನೋವು.

ಎರಡನೇ ಕರಡು: ಈಗ ಜಾಸ್ತಿ ಗಟ್ಟಿಯಾಗುತ್ತದೆ

ಇಷ್ಟು ಹೇಳಿದ ಮೇಲೆ ಹುಡುಗರು ಬರೆದುಕೊಂಡು ಬರುವುದು ಸಾಮಾನ್ಯವಾಗಿ ಹೀಗೆ:

"ಅಪ್ಪ, ಎರಡು ಸಬ್ಜೆಕ್ಟ್ ಫೇಲ್. ನನ್ನದೇ ತಪ್ಪು. ಇನ್ಮೇಲೆ ದಿನಾ ನಾಲ್ಕು ಗಂಟೆಗೆ ಎದ್ದು ಓದ್ತೀನಿ. ಫೋನ್ ಮುಟ್ಟಲ್ಲ. ಮುಂದಿನ ಸಲ ಎಲ್ಲದರಲ್ಲೂ ಡಿಸ್ಟಿಂಕ್ಷನ್ ತರ್ತೀನಿ, ಪ್ರಾಮಿಸ್."

ಸುದ್ದಿ ಮೊದಲೇ ಬಂತು, ಒಳ್ಳೆಯದು. ಆದರೆ "ನನ್ನದೇ ತಪ್ಪು" ಅನ್ನುವುದು ತಪ್ಪೊಪ್ಪಿಗೆಯ ಹಾಗೆ ಕಂಡರೂ ಏನನ್ನೂ ಹೇಳುವುದಿಲ್ಲ. ಏನು ತಪ್ಪು? ಕ್ಲಾಸಿಗೆ ಹೋಗಲಿಲ್ಲವಾ, ಅರ್ಥ ಆಗಲಿಲ್ಲವಾ, ಆಟ ಆಡಿದೆಯಾ? ಒಂದು ನಿಜವಾದ ಕಾರಣ, ಒಂದು ಎರಡು ಸಾಲಿನಲ್ಲಿ ಬೇಕು. ಕಾರಣಕ್ಕೂ ನೆಪಕ್ಕೂ ಗುರುತು ಹಿಡಿಯುವುದು ಸುಲಭ. ಸಾಲಿನಲ್ಲಿ ಕೆಲಸ ಮಾಡಿದವರು, ಇಲ್ಲ ಮಾಡದೆ ಬಿಟ್ಟವರು ನೀವಾಗಿದ್ದರೆ ಅದು ಕಾರಣ. "ಅರ್ಥ ಆಗದಿದ್ದಾಗ ಕೇಳಲಿಲ್ಲ" ಕಾರಣ. "ಸರಿಯಾಗಿ ಪಾಠ ಮಾಡಲಿಲ್ಲ" ನೆಪ. ಜ್ವರ ಬಂದು ಮಲಗಿದ್ದರೆ, ರೂಮಲ್ಲಿ ನಿದ್ದೆಯೇ ಆಗದ ಪರಿಸ್ಥಿತಿ ಇದ್ದರೆ, ಅದು ನಿಜವಾಗಿದ್ದರೆ ಅದನ್ನೂ ಬರೆಯಬೇಕು. ಎಲ್ಲಾ ತಪ್ಪನ್ನೂ ಮೈಮೇಲೆ ಎಳೆದುಕೊಳ್ಳುವುದು ಕೂಡ ಪ್ರಾಮಾಣಿಕತೆ ಅಲ್ಲ.

ಇನ್ನು ಆ ಡಿಸ್ಟಿಂಕ್ಷನ್ನು. 9 ಬಂದವನು ಮುಂದಿನ ಸಲ ಡಿಸ್ಟಿಂಕ್ಷನ್ ಅಂದರೆ ಅವನ ಅಪ್ಪ ಕೂಡ ನಂಬುವುದಿಲ್ಲ. ನಾಲ್ಕು ಗಂಟೆಗೆ ಏಳುವ ಮಾತು ಭಾನುವಾರದೊಳಗೆ ಮುರಿಯುತ್ತದೆ. ಈ ವಾರ ಮಾಡಬಹುದಾದ ಒಂದು ಕೆಲಸ ಬರೆಯಿರಿ, ಅಪ್ಪ ಹದಿನೈದು ದಿನ ಬಿಟ್ಟು "ಮಾಡಿದೆಯಾ?" ಅಂತ ಕೇಳಬಹುದಾದ ಕೆಲಸ. ನಮ್ಮ ಹುಡುಗ ಡೇಟಾ ಸ್ಟ್ರಕ್ಚರ್ಸ್ ಮೇಡಂ ಹತ್ತಿರ ಹೋಗಿ ಮಾತಾಡಿದ. ಶನಿವಾರ ಮಧ್ಯಾಹ್ನ ಬಾ, ಹೇಳಿಕೊಡುತ್ತೇನೆ ಅಂದರು. ಅಷ್ಟು ಸಾಕು.

ಈ ಹಂತದಲ್ಲಿ ಇನ್ನೊಂದು ಪ್ರಶ್ನೆಯನ್ನು ನಾನು ಯಾವಾಗಲೂ ಕೇಳುತ್ತೇನೆ. "ಮನೆಗೆ ಗೊತ್ತಿಲ್ಲದ್ದು ಇನ್ನೇನಾದರೂ ಇದೆಯಾ?" ಎಷ್ಟೋ ಸಲ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳುತ್ತಾನೆ. ಮೊದಲ ವರ್ಷದ ಒಂದು ಪೇಪರ್ ಇನ್ನೂ ಕ್ಲಿಯರ್ ಆಗಿಲ್ಲ. ಪರೀಕ್ಷಾ ಫೀಸಿಗೆ ಅಂತ ತರಿಸಿಕೊಂಡ ದುಡ್ಡು ಖರ್ಚಾಗಿದೆ. ಚೆನ್ನಾಗಿ ಬರೆದಿದ್ದೇನೆ ಅಂತ ಫೋನಲ್ಲಿ ಹೇಳಿದ್ದೆ. ಇದೆಲ್ಲ ಇದೇ ಮೆಸೇಜಿನಲ್ಲಿ ಹೋಗಬೇಕು, ಇನ್ನೊಂದರಲ್ಲಿ ಅಲ್ಲ. ನಮ್ಮ ಹುಡುಗ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಕೇಳಿದ್ದರು, ಇವನು ಚೆನ್ನಾಗಿ ಓದುತ್ತಿದ್ದೇನೆ ಅಂದಿದ್ದ. ಅದು ಚಿಕ್ಕ ಸುಳ್ಳು ಅನ್ನಿಸಬಹುದು. ಆದರೆ ಅಪ್ಪ ಆ ಮಾತನ್ನು ಮರೆತಿರುವುದಿಲ್ಲ.

ಕಳಿಸಬೇಕಾದ ಮೆಸೇಜ್

"ಅಪ್ಪ, ಮೂರನೇ ಸೆಮಿಸ್ಟರ್ ರಿಸಲ್ಟ್ ಇವತ್ತು ಮಧ್ಯಾಹ್ನ ಬಂತು. ಎರಡು ಸಬ್ಜೆಕ್ಟಲ್ಲಿ ಫೇಲ್ ಆಗಿದ್ದೀನಿ. ಒಂದು ಮ್ಯಾಥ್ಸ್, ಇನ್ನೊಂದು ಡೇಟಾ ಸ್ಟ್ರಕ್ಚರ್ಸ್ ಅಂತ ಕಂಪ್ಯೂಟರ್ ಸಬ್ಜೆಕ್ಟ್. ಉಳಿದಿದ್ದೆಲ್ಲ ಪಾಸಾಗಿದೆ.

ಪರೀಕ್ಷೇಲಿ ಪಾಸಾಗೋಕೆ 50ಕ್ಕೆ 18 ಬೇಕಿತ್ತು. ಮ್ಯಾಥ್ಸಲ್ಲಿ 14 ಬಂದಿದೆ, ಇನ್ನೊಂದರಲ್ಲಿ 9.

ವರ್ಷ ಹೋಗಿಲ್ಲ. ಕಾಲೇಜಲ್ಲಿ ಕೇಳ್ಕೊಂಡು ಬಂದೆ. ನಾಲ್ಕನೇ ಸೆಮಿಸ್ಟರ್ ಕ್ಲಾಸಿಗೆ ಹೋಗ್ತಾ ಈ ಎರಡು ಪೇಪರ್ ಮತ್ತೆ ಬರೀಬಹುದು. ತಾರೀಕು ಇನ್ನೂ ಬಂದಿಲ್ಲ, ಬಂದ ದಿನ ಹೇಳ್ತೀನಿ.

ಮ್ಯಾಥ್ಸ್ ಕೊನೆ ಎರಡು ಯೂನಿಟ್ ಓದದೇ ಹೋಗಿದ್ದೆ. ಡೇಟಾ ಸ್ಟ್ರಕ್ಚರ್ಸ್ ಶುರುವಿಂದಲೂ ಅರ್ಥ ಆಗ್ತಿರಲಿಲ್ಲ, ಯಾರನ್ನೂ ಕೇಳಲಿಲ್ಲ. ದೀಪಾವಳಿಗೆ ಬಂದಾಗ ಚೆನ್ನಾಗಿ ಓದ್ತಿದ್ದೀನಿ ಅಂತ ನಿಮಗೆ ಹೇಳಿದ್ದೆ. ಅದು ನಿಜ ಆಗಿರಲಿಲ್ಲ. ತಪ್ಪಾಯ್ತು ಅಪ್ಪ.

ಮೇಡಂ ಹತ್ರ ಮಾತಾಡಿದ್ದೀನಿ, ಈ ಶನಿವಾರದಿಂದ ಹೇಳಿಕೊಡ್ತಾರೆ. ಮ್ಯಾಥ್ಸ್ ಒಂದಕ್ಕೆ ರೀವ್ಯಾಲ್ಯುಯೇಷನ್ ಹಾಕೋಣ ಅಂತಿದ್ದೀನಿ. ಬಂದರೂ ಬರಬಹುದು, ಬರದೇನೂ ಇರಬಹುದು. ಫೀಸು ಎಷ್ಟು ಅಂತ ನಾಳೆ ಗೊತ್ತಾಗುತ್ತೆ. ಹಾಕಬೇಕಾ ಬೇಡ್ವಾ ನೀವು ಹೇಳಿ.

ಇದು ಬಿಟ್ಟು ನಿಮಗೆ ಗೊತ್ತಿಲ್ಲದ್ದು ಬೇರೆ ಏನೂ ಇಲ್ಲ. ಅಮ್ಮನಿಗೂ ಓದಿ ಹೇಳಿ. ರಾತ್ರಿ ಎಂಟೂವರೆಗೆ ಫೋನ್ ಮಾಡ್ತೀನಿ, ಇಬ್ಬರ ಹತ್ರಾನೂ ಮಾತಾಡ್ತೀನಿ."

ಇದರಲ್ಲಿ ಸಾರಿ ಅನ್ನುವುದು ಒಂದೇ ಕಡೆ ಇದೆ, "ತಪ್ಪಾಯ್ತು ಅಪ್ಪ" ಅಂತ. ಅದೂ ಸುಳ್ಳು ಹೇಳಿದ್ದಕ್ಕೆ. ಫೇಲಾದ ಸಾಲಿನ ಪಕ್ಕ ಕ್ಷಮೆ ಇಲ್ಲ, ಇರಬೇಕಾಗಿಯೂ ಇಲ್ಲ. ಪ್ರತಿ ಸಾಲಿಗೂ ಸಾರಿ ಹಾಕಿದರೆ ಯಾವುದಕ್ಕೆ ಬೇಜಾರಾಗಿದೆ ಅಂತಲೇ ತಿಳಿಯುವುದಿಲ್ಲ.

"ನೀವು ಹೇಳಿ" ಅನ್ನುವ ಸಾಲನ್ನೂ ಗಮನಿಸಿ. ಕೆಟ್ಟ ಸುದ್ದಿ ಕೇಳಿದವರಿಗೆ ಕೈಯಲ್ಲಿ ಏನಾದರೂ ಕೆಲಸ ಇರಬೇಕು. ರೀವ್ಯಾಲ್ ದುಡ್ಡು ಅವರದು, ತೀರ್ಮಾನ ಅವರದ್ದೂ ಹೌದು. ಆದರೆ ನಿಜವಾಗಿ ಅವರ ಮಾತು ಕೇಳುವ ಹಾಗಿದ್ದರೆ ಮಾತ್ರ ಈ ಸಾಲು ಬರೆಯಿರಿ. ಈಗಾಗಲೇ ಅರ್ಜಿ ಹಾಕಿಬಿಟ್ಟಿದ್ದರೆ ಹಾಕಿದ್ದೀನಿ ಅಂತಲೇ ಬರೆಯಿರಿ. "ಬೇರೆ ಏನೂ ಇಲ್ಲ" ಅನ್ನುವುದೂ ಹಾಗೇ. ಆ ಸಾಲು ಬರೆಯಲು ಕೈ ಹಿಂಜರಿದರೆ ಇನ್ನೇನೋ ಉಳಿದಿದೆ ಅಂತ ಅರ್ಥ. ಸಾಲು ಅಳಿಸಬೇಡಿ, ಉಳಿದದ್ದನ್ನು ಸೇರಿಸಿ.

ಮಾತಿನ ಧಾಟಿ ನಿಮ್ಮ ಮನೆಯದ್ದೇ ಇರಲಿ. ಅಪ್ಪನಿಗೆ ನೀವು, ಅಮ್ಮನಿಗೆ ನೀನು ಅನ್ನುವ ಮನೆಗಳು ಬೇಕಾದಷ್ಟಿವೆ. ಅಪ್ಪಾಜಿ ಅನ್ನುವವರು ಅಪ್ಪಾಜಿ ಅನ್ನಿ, ಅವ್ವ ಅನ್ನುವವರು ಅವ್ವ ಅನ್ನಿ. ದಿನಾ ನೀನು ಅನ್ನುವ ಅಮ್ಮನಿಗೆ ಇವತ್ತು ನೀವು ಅಂದರೆ ಮಗ ದೂರ ಹೋದ ಹಾಗೆ ಕೇಳಿಸುತ್ತದೆ. ಕನ್ನಡ ಓದುವ ಅಪ್ಪನಿಗೆ ಕನ್ನಡ ಅಕ್ಷರದಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಅವರು ತಡವರಿಸಿ ಓದುತ್ತಾರೆ, ಇಂಥ ಸುದ್ದಿಯನ್ನು ಯಾರೂ ತಡವರಿಸಿ ಓದುವಂತಾಗಬಾರದು.

ಯಾವಾಗ, ಯಾರಿಗೆ, ಹೇಗೆ

ರಾತ್ರಿ ಹನ್ನೊಂದಕ್ಕೆ ಕಳಿಸಬೇಡಿ, ಮನೆಯವರು ನಿದ್ದೆ ಇಲ್ಲದೆ ಬೆಳಗು ಮಾಡುತ್ತಾರೆ. ಅಪ್ಪ ಗಾಡಿ ಓಡಿಸುವ ಹೊತ್ತು, ತಿಪಟೂರಿನಂಥ ಊರಲ್ಲಿ ಕೊಬ್ಬರಿ ಮಂಡಿಯಲ್ಲಿ ನಾಲ್ಕು ಜನರ ಮಧ್ಯೆ ನಿಂತಿರುವ ಹೊತ್ತು ಬೇಡ. ಸಂಜೆ ಕೆಲಸ ಮುಗಿಸಿ ಕೈಕಾಲು ತೊಳೆದು ಕೂರುವ ಹೊತ್ತು ಸರಿ. ಕಳಿಸಿದ ಮೇಲೆ ಒಂದು ಗಂಟೆ ಬಿಟ್ಟು ಫೋನು. ಹೇಳಿದ ಹೊತ್ತಿಗೆ ಸರಿಯಾಗಿ ಮಾಡಿ, ಐದು ನಿಮಿಷ ಕೂಡ ತಡ ಬೇಡ.

ಮನೆಯವರೆಲ್ಲ ಇರುವ ಗ್ರೂಪಿಗೆ ಹಾಕಬೇಡಿ, ಅಲ್ಲಿ ಚಿಕ್ಕಪ್ಪ ಅತ್ತೆ ಎಲ್ಲಾ ಇರುತ್ತಾರೆ. ವಾಯ್ಸ್ ಮೆಸೇಜೂ ಬೇಡ. ಎಷ್ಟೋ ಮನೆಯಲ್ಲಿ ಅದನ್ನು ಜೋರಾಗಿ ಹಾಕಿ ಕೇಳುತ್ತಾರೆ, ಪಕ್ಕದಲ್ಲಿ ಯಾರಿದ್ದಾರೋ ಗೊತ್ತಿರುವುದಿಲ್ಲ. ಓದಲು ಬಾರದ ಅಪ್ಪ ಅಮ್ಮನಿಗೆ ಮೆಸೇಜಿನ ದಾರಿ ಸರಿ ಹೋಗುವುದಿಲ್ಲ. ತಂಗಿಯ ಕೈಲಿ ಓದಿಸುವುದಕ್ಕಿಂತ ಈ ಬರಹವನ್ನೇ ಎದುರಿಗಿಟ್ಟುಕೊಂಡು ಫೋನಲ್ಲಿ ನೀವೇ ಹೇಳಿ. ಮುಂದಿನ ಬಸ್ಸಿಗೇ ಊರಿಗೆ ಹೋಗಬಲ್ಲವರಾದರೆ ಎದುರಿಗೆ ಹೇಳುವುದೇ ಮೇಲು. ಹಾಗಿದ್ದರೂ ಬರೆದುಕೊಂಡು ಹೋಗಿ. ಅಪ್ಪನ ಮುಖ ನೋಡಿದ ಕೂಡಲೇ ಎರಡು ಹೋಗಿ ಒಂದಾಗಿಬಿಡುತ್ತದೆ.

ನೀಲಿ ಗುರುತು ಬಂದು ಉತ್ತರ ಬರದಿದ್ದರೆ ಮತ್ತೆ ಮತ್ತೆ ಕಳಿಸಬೇಡಿ. "ಅಪ್ಪ ಕೋಪಾನಾ?", "ಏನಾದ್ರೂ ಹೇಳಿ" ಅಂತ ಹಿಂದೆ ಬಿದ್ದರೆ ಅವರಿಗೆ ಸುದ್ದಿ ಜೀರ್ಣ ಆಗಲು ಬಿಡುವೇ ಸಿಗುವುದಿಲ್ಲ. ಉತ್ತರ ಬರೀ "ಸರಿ" ಅಂತ ಬರಬಹುದು. ಅದರಲ್ಲಿ ಕೋಪವೂ ಇರಬಹುದು, ಏನು ಬರೆಯಬೇಕು ಅಂತ ತೋಚದೇ ಇದ್ದದ್ದೂ ಇರಬಹುದು.

ಫೋನಲ್ಲಿ ಬೈಗುಳ ಬಂದರೆ ಬರಲಿ. "ನಿನ್ನ ಓದಿಸಿದ್ದೇ ದಂಡ", "ಪಕ್ಕದ ಮನೆಯವನನ್ನ ನೋಡು" ಅನ್ನುವ ಮಾತು ಬರುತ್ತದೆ. ಅದಕ್ಕೆಲ್ಲ ಉತ್ತರ ಕೊಡಬೇಕಾಗಿಲ್ಲ. "ಹೌದಪ್ಪ, ಕೇಳಿಸ್ಕೊಳ್ತಿದ್ದೀನಿ" ಅಂದರೆ ಸಾಕು. ಉತ್ತರ ಕೊಡಬೇಕಾದ್ದು ನೇರ ಪ್ರಶ್ನೆಗೆ ಮಾತ್ರ, ಮೆಸೇಜಲ್ಲಿ ಬರೆದದ್ದನ್ನೇ ಅದೇ ಅಂಕಿಯಲ್ಲಿ ಹೇಳಿ. ಬೈಗುಳದ ಬಿಸಿಗೆ ಹೆದರಿ "ರೀವ್ಯಾಲಲ್ಲಿ ಬರುತ್ತೆ ಬಿಡಿ" ಅಂದುಬಿಡುವುದು ಇಲ್ಲೇ. ಅದಕ್ಕೇ ಮೆಸೇಜನ್ನು ಎದುರಿಗೆ ತೆರೆದಿಟ್ಟುಕೊಂಡು ಮಾತಾಡಿ. ನಂಬುವುದಿಲ್ಲ ಅಂದರೆ ಆಗ ಸ್ಕ್ರೀನ್‌ಶಾಟ್ ಕಳಿಸಿ. ಅಮ್ಮ ಅತ್ತರೆ ಅಳಲಿ, ಫೋನ್ ಇಡಬೇಡಿ.

ಆಮೇಲೆ

ಬಂದ ದಿನ ಹೇಳ್ತೀನಿ ಅಂತ ಬರೆದಿದ್ದೀರಿ. ಆ ದಿನವೇ ಹೇಳಬೇಕು, ಅವರು ಕೇಳುವ ಮೊದಲು. ಶನಿವಾರ ಮೇಡಂ ಹತ್ತಿರ ಹೋಗಿ ಬಂದರೆ ಒಂದು ಸಾಲು ಹಾಕಿ. ಹೋಗಲು ಆಗಲಿಲ್ಲ ಅಂದರೆ ಅದನ್ನೂ ಹಾಕಿ. ರೀವ್ಯಾಲ್ ರಿಸಲ್ಟ್ ಬಂದಾಗ ಮೊದಲ ಮೆಸೇಜಿನ ರೀತಿಯಲ್ಲೇ, ಅಂಕಿ ಮೊದಲು:

"ಅಪ್ಪ, ಮ್ಯಾಥ್ಸ್ ರೀವ್ಯಾಲ್ ಬಂತು. 14 ಇದ್ದಿದ್ದು 15 ಆಗಿದೆ, ಪಾಸಾಗಿಲ್ಲ. ಎರಡೂ ಪೇಪರ್ ಬರೀಬೇಕು. ಪರೀಕ್ಷೆ ಅರ್ಜಿ ಹಾಕೋಕೆ ಕೊನೆ ದಿನ ಮುಂದಿನ ಶುಕ್ರವಾರ, ಬುಧವಾರದೊಳಗೆ ಫೀಸು ಕಟ್ಟಬೇಕು. ಎಷ್ಟು ಅಂತ ರಸೀದಿ ಫೋಟೋ ಕಳಿಸ್ತೀನಿ."